ವಿಡಿಯೋ ಬೇಡ, ಫೋನಿನಲ್ಲಿ ಮಾತಾಡಬಹುದಾ ಅಂತ ಕೇಳಿದ್ದು

ನಮ್ಮ ಊರು ಜಮಖಂಡಿ ತಾಲೂಕಿನಲ್ಲಿದೆ. ಸುತ್ತ ಕಬ್ಬಿನ ಗದ್ದೆ. ಮನೆಯಲ್ಲಿ ವೈಫೈ ಇಲ್ಲ, ಮೊಬೈಲಿನ ಹಾಟ್‌ಸ್ಪಾಟ್ ಒಂದೇ ಆಧಾರ. ನಾನು ಅಕೌಂಟ್ಸ್ ಕೆಲಸ ಹುಡುಕುತ್ತಿದ್ದೆ. ಮೊದಲನೇ ಸಂದರ್ಶನ ವಿಡಿಯೋದಲ್ಲಿತ್ತು. ಏಳನೇ ನಿಮಿಷಕ್ಕೆ ನನ್ನ ಮುಖ ಹಾಗೇ ನಿಂತುಬಿಟ್ಟಿತು, ಮಾತು ತುಂಡು ತುಂಡಾಯಿತು. ಮತ್ತೆ ಜೋಡಿಸುವಷ್ಟರಲ್ಲಿ ಅವರು ಹೋಗಿದ್ದರು. ಆಮೇಲೆ ಅವರಿಂದ ಉತ್ತರವೇ ಬರಲಿಲ್ಲ. ಎರಡು ದಿನ ತುಂಬಾ ಬೇಜಾರಾಗಿತ್ತು.

ಬೆಂಗಳೂರಿನ ಇನ್ನೊಂದು ಕಂಪನಿಯಿಂದ ಗುರುವಾರ 11 ಗಂಟೆಗೆ ಅಂತ ಲಿಂಕ್ ಬಂದಾಗ ಮತ್ತೆ ಅದೇ ಭಯ. ಅವ್ವ ಕೇಳಿದಳು, "ಯಾಕ ಸುಮ್ನ ಕುಂತಿ? ಇದ್ದದ್ದು ಇದ್ದಂಗ ಹೇಳಿಬಿಡು." ಆದರೆ ಹೇಳುವ ಮೊದಲು ನನಗೇ ತಿಳಿಯಬೇಕಿತ್ತು, ತೊಂದರೆ ಎಲ್ಲಿದೆ ಅಂತ. ಎರಡು ದಿನ ಬೆಳಿಗ್ಗೆ 11ಕ್ಕೇ ಸ್ಪೀಡ್ ಟೆಸ್ಟ್ ಮಾಡಿದೆ. ಡೌನ್‌ಲೋಡ್ ಪರವಾಗಿರಲಿಲ್ಲ, ಯೂಟ್ಯೂಬ್ ನಿಲ್ಲದೆ ಓಡುತ್ತಿತ್ತು. ಅಪ್‌ಲೋಡ್ ಮಾತ್ರ ಅರ್ಧ ಎಂಬಿಪಿಎಸ್ ಹತ್ತಿರ ಇದ್ದು, ನಡುನಡುವೆ ಸೊನ್ನೆಗೆ ಇಳಿಯುತ್ತಿತ್ತು. ವಿಡಿಯೋ ಕಾಲ್‌ನಲ್ಲಿ ನಮ್ಮ ಮುಖ ಆ ಕಡೆ ಹೋಗುವುದು ಈ ಅಪ್‌ಲೋಡ್ ಮೇಲೆಯೇ. ಮಾಮೂಲಿ ಫೋನ್ ಕಾಲ್ ಮಾತ್ರ ಮನೆಯ ಕಟ್ಟೆಯ ಮೇಲೆ ಕೂತರೆ ಒಮ್ಮೆಯೂ ಕಟ್ ಆಗುತ್ತಿರಲಿಲ್ಲ.

ಲಿಂಕ್ ಬಂದಿದ್ದು ಶನಿವಾರ. ಸೋಮವಾರ ಬೆಳಿಗ್ಗೆಯೇ ಮೇಲ್ ಬರೆದೆ. ಸಂದರ್ಶನದ ದಿನ ಬೆಳಿಗ್ಗೆ ಹೇಳಿದರೆ ಅದು ನೆಪದ ಹಾಗೆ ಕೇಳುತ್ತದೆ, ಅಲ್ವಾ? ಬರೆದಿದ್ದು ಇಷ್ಟೇ:

"ನಮಸ್ಕಾರ ಮೇಡಂ. ಗುರುವಾರ 11ಕ್ಕೆ ನಾನು ಸಿದ್ಧ. ನಮ್ಮ ಊರಲ್ಲಿ ಇಂಟರ್ನೆಟ್ ನಡುನಡುವೆ ನಿಲ್ಲುತ್ತದೆ, ಫೋನ್ ಕಾಲ್ ಚೆನ್ನಾಗಿ ಬರುತ್ತದೆ. ಅದೇ ಸಮಯಕ್ಕೆ ಫೋನಿನಲ್ಲಿ ಮಾತಾಡಬಹುದಾ? ವಿಡಿಯೋನೇ ಬೇಕೆಂದರೆ ಶುಕ್ರವಾರ ಜಮಖಂಡಿಯಲ್ಲಿ ಗೆಳೆಯನ ಆಫೀಸಿನಿಂದ ಸೇರಿಕೊಳ್ಳುತ್ತೇನೆ."

ಕ್ಷಮೆ ಕೇಳಲಿಲ್ಲ, ಕರೆಂಟಿನ ಕಥೆ ಬರೆಯಲಿಲ್ಲ. ಫೋನಿಗಾಗಿ ಸಮಯ ಬದಲಿಸಿ ಅಂತಲೂ ಕೇಳಲಿಲ್ಲ.

ಮಧ್ಯಾಹ್ನ ಮೇಡಂ ಫೋನ್ ಮಾಡಿದರು. "ವಿಡಿಯೋ ಯಾಕೆ ಇಟ್ಟಿದ್ದೀವಿ ಅಂದ್ರೆ, ಒಬ್ಬರ ಬದಲು ಇನ್ನೊಬ್ಬರು ಉತ್ತರ ಕೊಡ್ತಾರೆ" ಅಂದರು. ಆಗ ನನಗೆ ಅರ್ಥವಾಯಿತು, ಅವರಿಗೆ ಬೇಕಿದ್ದುದು ನನ್ನ ಮುಖವನ್ನು ಅರ್ಧ ಗಂಟೆ ನೋಡುವುದಲ್ಲ, ಮಾತಾಡುತ್ತಿರುವುದು ನಾನೇ ಅನ್ನುವ ಖಾತ್ರಿ. "ಮೇಡಂ, ಮೊದಲ ಎರಡು ನಿಮಿಷ ವಿಡಿಯೋದಲ್ಲಿ ಬರ್ತೀನಿ, ಫೋಟೋ ಇರೋ ಗುರುತಿನ ಚೀಟಿ ತೋರಿಸ್ತೀನಿ. ಆಮೇಲೆ ಫೋನಿನಲ್ಲಿ ಮಾತಾಡೋಣ" ಅಂದೆ. ಒಪ್ಪಿಕೊಂಡರು.

ಅವರೇ ಇನ್ನೊಂದು ದಾರಿ ಹೇಳಿದರು, ಅದು ನನಗೆ ಗೊತ್ತೇ ಇರಲಿಲ್ಲ. ಆಮಂತ್ರಣದಲ್ಲಿ ಲಿಂಕಿನ ಕೆಳಗೆ `Join by phone` ಅಂತ ಒಂದು ನಂಬರ್ ಮತ್ತು ಪಿನ್ ಇತ್ತು. ಆ ನಂಬರಿಗೆ ಫೋನ್ ಮಾಡಿ, ಪಿನ್ ಒತ್ತಿ, ಕೊನೆಗೆ `#` ಒತ್ತಿದರೆ ಅದೇ ಮೀಟಿಂಗಿಗೆ ಧ್ವನಿ ಮಾತ್ರ ಸೇರುತ್ತದೆ. ಡೇಟಾ ಬೇಕಿಲ್ಲ. ಅವರ ಕಡೆಯ ಮೂವರೂ ತಮ್ಮ ಲಿಂಕಿನಲ್ಲೇ ಇರಬಹುದು. ಎಲ್ಲ ಆಮಂತ್ರಣದಲ್ಲೂ ಇದು ಇರುವುದಿಲ್ಲ. ಇದ್ದರೂ ನಂಬರ್ `+91` ಇಂದ ಶುರುವಾಗುತ್ತದಾ ನೋಡಿಕೊಳ್ಳಿ, ಬೇರೆ ದೇಶದ ಕೋಡ್ ಇದ್ದರೆ ಹೊರದೇಶದ ಕಾಲ್ ಆಗಿ ದುಡ್ಡು ಜಾಸ್ತಿ ಹೋಗುತ್ತದೆ.

ಗುರುವಾರ ಕಾಕಾನ ಫೋನಿನ ಹಾಟ್‌ಸ್ಪಾಟಿನಿಂದ ಲ್ಯಾಪ್‌ಟಾಪ್ ಜೋಡಿಸಿದೆ, ಮಾತಿಗೆ ನನ್ನ ಫೋನ್. ಒಂದೇ ಫೋನಿನಲ್ಲಿ ಎರಡೂ ಮಾಡಿದರೆ ಸಿಗ್ನಲ್ ಕೆಳಗಿಳಿದಾಗ ಕಾಲ್ ನಡೆಯುವಾಗ ಡೇಟಾ ನಿಂತುಬಿಡಬಹುದು. ನಡುವೆ ಬೇರೆ ಕಾಲ್ ಬಂದು ಟೊಂಯ್ ಅನ್ನದಂತೆ ಕಾಲ್ ವೇಟಿಂಗ್ ಬಂದ್ ಮಾಡಿದ್ದೆ. ವಿಡಿಯೋದಲ್ಲಿ ಚೀಟಿ ತೋರಿಸಿ ಮುಗಿಸುವಷ್ಟರಲ್ಲಿ ಚಿತ್ರ ನಿಂತೇಬಿಟ್ಟಿತು. ಆದರೆ ಅವರು ನನ್ನನ್ನು ನೋಡಿಯಾಗಿತ್ತು. ಲ್ಯಾಪ್‌ಟಾಪ್ ಬದಿಗಿಟ್ಟು ಫೋನಿನಲ್ಲಿ ಸೇರಿದೆ.

ಸಪ್ಲೈಯರ್ ಬಿಲ್ ನಮ್ಮ ಪುಸ್ತಕದಲ್ಲಿದೆ, ಸಪ್ಲೈಯರ್‌ಗಳು ಹಾಕಿದ ಬಿಲ್‌ಗಳನ್ನು ತೋರಿಸುವ ಜಿಎಸ್‌ಟಿಆರ್-2ಬಿಯಲ್ಲಿ ಇಲ್ಲ, ಏನು ಮಾಡ್ತೀರಿ ಅಂತ ಕೇಳಿದರು. ಯೋಚಿಸುತ್ತ ಸುಮ್ಮನಾದೆ. ಕೂಡಲೇ "ಹಲೋ, ಕಟ್ ಆಯ್ತಾ?" ಅಂದರು. ಮುಖ ಕಾಣದಿದ್ದರೆ ಮೌನವೂ ಕಟ್ ಆದ ಹಾಗೆಯೇ ಕೇಳುತ್ತದೆ. ಅಲ್ಲಿಂದ ಪ್ರತಿ ಸಲ "ಇದ್ದೀನಿ ಸರ್, ಒಂದು ಕ್ಷಣ ಯೋಚಿಸಿ ಹೇಳ್ತೀನಿ" ಅಂತ ಹೇಳುತ್ತಾ ಹೋದೆ. ಉತ್ತರ ಹೇಳಿದೆ: ಆ ತಿಂಗಳು ಆ ಬಿಲ್ಲಿನ ಐಟಿಸಿ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ, ತೆಗೆದುಕೊಳ್ಳುವುದಿಲ್ಲ, ಸಪ್ಲೈಯರ್‌ಗೆ ಹೇಳಿ ಅವರ ಮಾರಾಟದ ರಿಟರ್ನ್ ಜಿಎಸ್‌ಟಿಆರ್-1ರಲ್ಲಿ ಬಿಲ್ ಹಾಕಿಸುತ್ತೇನೆ.

ಒಂದೇ ಕಡೆ ಸಿಕ್ಕಿಬಿದ್ದೆ. ಎಕ್ಸೆಲ್ ತೆಗೆದು ಸ್ಕ್ರೀನ್ ತೋರಿಸಿ ಅಂದರು. ಫೋನಿನಲ್ಲಿ ಅದು ಆಗದ ಮಾತು. ಶೀಟ್ ಮೇಲ್ ಮಾಡಿ, ಒಂದು ಗಂಟೆಯಲ್ಲಿ ತುಂಬಿ ಕಳಿಸುತ್ತೇನೆ ಅಂದೆ. ಹಾಗೇ ಮಾಡಿದೆ.

ಎರಡನೇ ಸುತ್ತಿನಲ್ಲಿ ಸ್ಕ್ರೀನ್ ತೋರಿಸಲೇಬೇಕು ಅಂತ ಮೇಡಂ ಮೊದಲೇ ತಿಳಿಸಿದರು. ಅದಕ್ಕೆ ಫೋನ್ ಕೇಳಲಿಲ್ಲ. ಹಿಂದಿನ ದಿನವೇ ಜಮಖಂಡಿಗೆ ಹೋಗಿ, ಗೆಳೆಯನ ಆಫೀಸಿನಲ್ಲಿ ಅದೇ ಹೊತ್ತಿಗೆ ಸ್ಪೀಡ್ ಟೆಸ್ಟ್ ಮಾಡಿ ನೋಡಿ ಬಂದೆ.