ಮೂರು ದಿನ ಮೊದಲೊಮ್ಮೆ, ಹಿಂದಿನ ದಿನ ಇನ್ನೊಮ್ಮೆ: ರೋಗಿಗೆ ನೆನಪಿಸುವುದು ಯಾವಾಗ?

ಶಿವಮೊಗ್ಗದ ಒಂದು ಹಲ್ಲಿನ ಕ್ಲಿನಿಕ್ ಅಂದುಕೊಳ್ಳಿ. ಗುರುವಾರ ಬೆಳಿಗ್ಗೆ ಹತ್ತೂವರೆಗೆ ರೂಟ್ ಕೆನಾಲ್‌ನ ಎರಡನೇ ಸಿಟ್ಟಿಂಗ್. ಬರಬೇಕಾದವರು ತೀರ್ಥಹಳ್ಳಿ ಕಡೆಯ ಒಬ್ಬ ಅಡಿಕೆ ಬೆಳೆಗಾರರು. ಹನ್ನೊಂದಾದರೂ ಅವರ ಸುಳಿವಿಲ್ಲ. ಮುಕ್ಕಾಲು ಗಂಟೆ ಕುರ್ಚಿ ಖಾಲಿ. ಫೋನ್ ಮಾಡಿದರೆ, "ಅಯ್ಯೋ, ಇವತ್ತಾ ಮಾರಾಯ್ರೆ? ನೋವೇ ಇಲ್ವಲ್ಲ, ಮರ್ತೇ ಹೋಯ್ತು" ಅನ್ನುತ್ತಾರೆ.

ಅಪಾಯಿಂಟ್‌ಮೆಂಟ್ ಪುಸ್ತಕ ನೋಡಿಕೊಳ್ಳುವವರಿಗೆ ಈ ಮಾತು ಹೊಸದಲ್ಲ. ನೆನಪಿಸಿದರೆ ಬರುವವರು ಜಾಸ್ತಿ ಆಗುತ್ತಾರೆ ಅನ್ನುವುದಕ್ಕೆ ಗಟ್ಟಿ ಆಧಾರವಿದೆ. ಕೊಕ್ರೇನ್ ಎಂಬ ವೈದ್ಯಕೀಯ ಸಂಶೋಧಕರ ಜಾಲದ 2013ರ ವಿಮರ್ಶೆ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿತು. ಏನೂ ನೆನಪಿಸದಿದ್ದಾಗ ನೂರಕ್ಕೆ ಸುಮಾರು 68 ಜನ ಬಂದಿದ್ದರು. ಎಸ್‌ಎಂಎಸ್ ಕಳುಹಿಸಿದಾಗ 79, ಫೋನ್ ಮಾಡಿದಾಗ 80. ಎಸ್‌ಎಂಎಸ್‌ಗೂ ಫೋನ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾದರೆ ಉಳಿಯುವ ಪ್ರಶ್ನೆ, ಯಾವಾಗ ನೆನಪಿಸಬೇಕು, ಎಷ್ಟು ಸಲ?

ಇದಕ್ಕೆ ನೇರ ಉತ್ತರ ಕೊಡುವ ಒಂದು ದೊಡ್ಡ ಪ್ರಯೋಗ ಅಮೆರಿಕದ ಕೊಲೊರಾಡೊದಲ್ಲಿ ನಡೆದಿದೆ, ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯಲ್ಲಿ. ಅದರ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಐವತ್ತು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮೂರು ದಿನ ಮೊದಲು ಮಾತ್ರ, ಇನ್ನೊಂದಕ್ಕೆ ಹಿಂದಿನ ದಿನ ಮಾತ್ರ, ಮತ್ತೊಂದಕ್ಕೆ ಎರಡೂ ಸಲ ನೆನಪಿಸಿದರು. ಮೂರು ದಿನ ಮೊದಲು ಮಾತ್ರ ಕೇಳಿದವರಲ್ಲಿ 5.8 ಶೇಕಡಾ ಜನ ತಪ್ಪಿಸಿದರು. ಹಿಂದಿನ ದಿನ ಮಾತ್ರ ಕೇಳಿದವರಲ್ಲಿ 5.3 ಶೇಕಡಾ. ಎರಡೂ ಸಲ ಕೇಳಿದವರಲ್ಲಿ 4.4 ಶೇಕಡಾ.

ಈ ಅಂಕಿಗಳನ್ನು ನಮ್ಮ ಪುಸ್ತಕಕ್ಕೆ ತಂದು ನೋಡೋಣ. ತಿಂಗಳಿಗೆ 500 ಅಪಾಯಿಂಟ್‌ಮೆಂಟ್ ಇದ್ದರೆ, ಹಿಂದಿನ ದಿನ ಒಂದೇ ಸಲ ನೆನಪಿಸಿದಾಗ 26-27 ಜನ ತಪ್ಪಿಸುತ್ತಾರೆ. ಎರಡು ಸಲ ನೆನಪಿಸಿದರೆ 22. ಅಂದರೆ 500 ಹೆಚ್ಚುವರಿ ಸಂದೇಶಕ್ಕೆ ಉಳಿದದ್ದು ನಾಲ್ಕೈದು ಕುರ್ಚಿ. ಇಷ್ಟೇನಾ ಅನ್ನಿಸಬಹುದು. ಆದರೆ ಅಲ್ಲಿ ತಪ್ಪಿಸುವವರೇ ಕಡಿಮೆ. ನಿಮ್ಮಲ್ಲಿ ಒಂದು ಸಲ ನೆನಪಿಸಿದ ಮೇಲೂ 75 ಜನ ತಪ್ಪಿಸುತ್ತಿದ್ದರೆ, ಅದೇ ಪ್ರಮಾಣದಲ್ಲಿ, ಅಂದರೆ ಆರರಲ್ಲಿ ಒಂದು ಪಾಲು, ಕಡಿಮೆಯಾದರೂ ಹನ್ನೆರಡು ಕುರ್ಚಿ ಉಳಿಯುತ್ತದೆ. ಅದೇ ಪ್ರಮಾಣ ಇಲ್ಲೂ ಸಿಗುತ್ತದೆ ಅನ್ನುವುದು ನನ್ನ ಊಹೆ. ಹೇಗೆ ಪರೀಕ್ಷಿಸಬಹುದು ಅಂತ ಮುಂದೆ ಹೇಳುತ್ತೇನೆ.

ಈಗ ಮಾಡುವ ಕ್ರಮ.

ಮೊದಲು, ಅಪಾಯಿಂಟ್‌ಮೆಂಟ್ ಬರೆಯುವಾಗಲೇ ಎರಡು ನಂಬರ್ ಕೇಳಿ ಬರೆದುಕೊಳ್ಳಿ. ಮಲೆನಾಡಿನಲ್ಲಿ ಎಷ್ಟೋ ಮನೆಯಲ್ಲಿ ಸಿಗ್ನಲ್ ಸಿಗಬೇಕಾದರೆ ಗುಡ್ಡ ಹತ್ತಬೇಕು. ಪೇಟೆಯಲ್ಲಿರುವ ಮಗನದ್ದೋ ಪಕ್ಕದ ಮನೆಯದ್ದೋ ನಂಬರ್ ಇದ್ದರೆ ಕೆಲಸ ಸುಲಭ. ಆ ನಂಬರಿಗೆ ಹೇಳಬಹುದಾ ಅಂತಲೂ ಆಗಲೇ ಕೇಳಿಬಿಡಿ.

ಎರಡನೆಯದು, ಮೂರು ದಿನ ಮೊದಲಿನ ಸಂದೇಶ. ಗುರುವಾರದ ಅಪಾಯಿಂಟ್‌ಮೆಂಟ್‌ಗೆ ಸೋಮವಾರ ಸಂಜೆ ಆರೂವರೆಗೆ ಕಳುಹಿಸಿ. ತೋಟದಿಂದ ಬಂದು ಫೋನ್ ನೋಡುವ ಹೊತ್ತು ಅದು. ಹೀಗೆ ಬರೆಯಬಹುದು: "ನಮಸ್ಕಾರ. ಗುರುವಾರ ಬೆಳಿಗ್ಗೆ 10.30ಕ್ಕೆ ನಿಮ್ಮ ಸಮಯ ಇದೆ. ಬರುವುದಾದರೆ 1, ಬೇರೆ ದಿನ ಬೇಕಾದರೆ 2 ಅಂತ ಉತ್ತರಿಸಿ." ಯಾವ ಕಾಯಿಲೆ, ಯಾವ ಚಿಕಿತ್ಸೆ ಅಂತ ಅದರಲ್ಲಿ ಬರೆಯಬೇಡಿ. ಒಂದೇ ಫೋನನ್ನು ಮನೆಮಂದಿಯೆಲ್ಲ ನೋಡುತ್ತಾರೆ, ಅಲ್ವಾ?

ಈ ಸಂದೇಶ ಯಾಕೆ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ಇದು ನೆನಪಿಗಿಂತ ಜಾಸ್ತಿ ಖಾಲಿಯಾಗುವ ಜಾಗಕ್ಕಾಗಿ. ಬರಲಾಗದವರು ಸೋಮವಾರವೇ ಹೇಳಿದರೆ ನಿಮ್ಮ ಕೈಯಲ್ಲಿ ಮಂಗಳವಾರ, ಬುಧವಾರ ಎರಡು ದಿನ ಇರುತ್ತದೆ. ಕಾಯುವ ಪಟ್ಟಿಯಲ್ಲಿರುವ ಹೊಸನಗರದವರನ್ನೂ ಕರೆಯಬಹುದು. ಅವರಿಗೂ ಹಾಲು ಕರೆಯುವವರನ್ನು ಗೊತ್ತು ಮಾಡಿ, ಬಸ್ಸಿನ ಹೊತ್ತು ನೋಡಿ ಹೊರಡಲು ಒಂದು ದಿನ ಬೇಕು. ಅದೇ ಬುಧವಾರ ಸಂಜೆ ಜಾಗ ಖಾಲಿಯಾದರೆ ತುಂಬಲು ಸಿಗುವವರು ಊರೊಳಗಿನವರು ಮಾತ್ರ. ಒಂದೇ ನೆನಪು ಕಳುಹಿಸುವುದಾದರೆ ಹಿಂದಿನ ದಿನವೋ ವಾರ ಮೊದಲೋ ಅನ್ನುವುದರಿಂದ ಬರುವವರ ಸಂಖ್ಯೆ ಅಷ್ಟೇನೂ ಬದಲಾಗುವುದಿಲ್ಲ ಅಂತ 2011ರ ಒಂದು ವಿಮರ್ಶೆ ಹೇಳಿತ್ತು. ಆದರೆ ಖಾಲಿ ಕುರ್ಚಿ ತುಂಬುವವರಿಗೆ ಆ ವ್ಯತ್ಯಾಸ ಬಹಳ ದೊಡ್ಡದು.

ಮೂರನೆಯದು, ಹಿಂದಿನ ದಿನದ್ದು. ಇದು ಮರೆವಿಗೆ. ಬುಧವಾರ ಸಂಜೆ ಐದರಿಂದ ಏಳರೊಳಗೆ ಮಾಡಿ, ತಡವಾದರೆ ಮೊದಲ ಬಸ್ಸಿಗೆ ಹೊರಡುವವರು ಮಲಗಿರುತ್ತಾರೆ. ಸೋಮವಾರ 1 ಅಂತ ಉತ್ತರಿಸಿದವರಿಗೆ ಒಂದು ಸಂದೇಶ ಸಾಕು. ಉತ್ತರವೇ ಬಾರದವರಿಗೆ ಫೋನ್ ಮಾಡಿ. ಇಡೀ ಪುಸ್ತಕಕ್ಕೆ ಕರೆ ಮಾಡುತ್ತಾ ಕೂತರೆ ಸಿಬ್ಬಂದಿಗೆ ಬೇರೆ ಕೆಲಸವೇ ಆಗುವುದಿಲ್ಲ. ಹೀಗೆ ಮಾಡಿದರೆ ಕರೆ ಎಂಟ್ಹತ್ತಕ್ಕೆ ಇಳಿಯಬಹುದು. ಸೋಮವಾರದ ಅಪಾಯಿಂಟ್‌ಮೆಂಟ್‌ಗಳದ್ದು ಮಾತ್ರ ಸ್ವಲ್ಪ ತಕರಾರು. ಹಿಂದಿನ ದಿನ ಭಾನುವಾರ ಬೀಳುತ್ತದೆ, ಕ್ಲಿನಿಕ್ ರಜೆ. ಅವರಿಗೆ ಶುಕ್ರವಾರ ಸಂಜೆ ಮತ್ತು ಶನಿವಾರ ಸಂಜೆ ಮಾಡಿ.

ದಿನಕ್ಕೆ ಇಪ್ಪತ್ತು ಸಂದೇಶವನ್ನು ಕ್ಲಿನಿಕ್‌ನ ಫೋನಿನಿಂದ ಕೈಯಲ್ಲೇ ವಾಟ್ಸಾಪ್ ಮಾಡಬಹುದು. ಸಾಫ್ಟ್‌ವೇರ್ ಮೂಲಕ ಒಟ್ಟಾಗಿ ಎಸ್‌ಎಂಎಸ್ ಕಳುಹಿಸಬೇಕಾದರೆ ಟೆಲಿಕಾಂ ಕಂಪನಿಗಳ ಡಿಎಲ್‌ಟಿ ಎಂಬ ವ್ಯವಸ್ಥೆಯಲ್ಲಿ ನೋಂದಣಿ ಮಾಡಿಸಿ, ಸಂದೇಶದ ಮಾದರಿಗೂ ಒಪ್ಪಿಗೆ ಪಡೆಯಬೇಕು. ಮಾದರಿಯಲ್ಲಿ ಇಲ್ಲದ ಮಾತು ಸೇರಿಸಿದರೆ ಸಂದೇಶ ಹೋಗದೇ ಇರಬಹುದು, ಯಾಕೆ ಹೋಗಲಿಲ್ಲ ಅಂತ ನಿಮಗೆ ತಲೆಬುಡ ತಿಳಿಯುವುದಿಲ್ಲ.

ನಾಲ್ಕನೆಯದು ಲೆಕ್ಕ. ಇಲ್ಲೇ ಜಾಸ್ತಿ ಜನ ಎಡವುವುದು. ಪುಸ್ತಕದಲ್ಲಿ ಪ್ರತಿ ಹೆಸರಿನ ಮುಂದೆ ಮೂರರಲ್ಲಿ ಒಂದನ್ನು ಬರೆಯಿರಿ: ಬಂದರು, ಮೊದಲೇ ಹೇಳಿ ಬದಲಿಸಿದರು, ಹೇಳದೆ ತಪ್ಪಿಸಿದರು. ಎರಡನೆಯವರನ್ನು ಮೂರನೆಯವರ ಜೊತೆ ಸೇರಿಸಿದರೆ ಮೂರು ದಿನ ಮೊದಲಿನ ಸಂದೇಶ ಕೆಟ್ಟದ್ದೇ ಮಾಡಿದಂತೆ ಕಾಣುತ್ತದೆ. ಬದಲಿಸುವವರು ಅದರಿಂದ ಹೆಚ್ಚುತ್ತಾರಲ್ಲ, ಅದು ಬೇಕಾದದ್ದೇ. ಬದಲಿಸಿದ ಜಾಗ ತುಂಬಿತಾ ಅಂತಲೂ ಪಕ್ಕದಲ್ಲಿ ಗುರುತು ಹಾಕಿ.

ಎರಡು ಸಲದ್ದು ನಿಮ್ಮಲ್ಲಿ ಕೆಲಸ ಮಾಡುತ್ತದಾ ಅಂತ ನೋಡಬೇಕಾದರೆ, ಫೈಲ್ ನಂಬರ್ ಬೆಸ ಇದ್ದವರಿಗೆ ಹಿಂದಿನ ದಿನ ಮಾತ್ರ, ಸಮ ಇದ್ದವರಿಗೆ ಎರಡು ಸಲ ಕಳುಹಿಸಿ. ಈ ತಿಂಗಳನ್ನು ಹೋದ ತಿಂಗಳ ಜೊತೆ ಹೋಲಿಸಬೇಡಿ. ಜುಲೈ ತಿಂಗಳ ಮಳೆಗೆ ಮರ ಬಿದ್ದು ಬಸ್ಸು ನಿಂತರೆ, ಅಡಿಕೆ ಕೊಯ್ಲಿನ ದಿನಗಳಲ್ಲಿ ಮನೆಮಂದಿಯೆಲ್ಲ ತೋಟದಲ್ಲಿದ್ದರೆ, ನಿಮ್ಮ ಸಂದೇಶ ಪಾಪ ಏನು ಮಾಡೀತು?

ಇನ್ನೊಂದು ಮಾತು. 5.3 ಮತ್ತು 4.4ರ ನಡುವಿನ ವ್ಯತ್ಯಾಸವನ್ನು ನಂಬಿಕೆಯಿಂದ ಹಿಡಿಯಬೇಕಾದರೆ ಒಂದೊಂದು ಗುಂಪಿಗೆ ಸುಮಾರು 9,000 ಅಪಾಯಿಂಟ್‌ಮೆಂಟ್ ಬೇಕು. ತಿಂಗಳಿಗೆ 500ರ ಕ್ಲಿನಿಕ್‌ಗೆ ಅದು ಮೂರು ವರ್ಷದ ಲೆಕ್ಕ. ಆದ್ದರಿಂದ ಒಂದೆರಡು ತಿಂಗಳಲ್ಲಿ ಸಮದವರು ಮೂರು ಜನ ಕಡಿಮೆ ತಪ್ಪಿಸಿದರು ಅಂತ ಖುಷಿಪಡಬೇಡಿ, ಮೂರು ಜನ ಜಾಸ್ತಿ ತಪ್ಪಿಸಿದರು ಅಂತ ಬಿಟ್ಟೂ ಬಿಡಬೇಡಿ. ತಪ್ಪಿಸುವವರೇ ತುಂಬಾ ಇದ್ದು, ಎರಡು ಗುಂಪಿನ ನಡುವೆ ದೊಡ್ಡ ಅಂತರ ಇದ್ದರೆ ಮಾತ್ರ ಅದು ಬೇಗ ಕಾಣುತ್ತದೆ.

ಅಷ್ಟಾದರೂ ತಪ್ಪಿಸಿದ ಆ ಬೆಳೆಗಾರರಿಗೆ ಏನು ಮಾಡುವುದು? ಅವರಿಗಿದ್ದದ್ದು ಮರೆವು ಮಾತ್ರವಲ್ಲ. ಮೊದಲ ಸಿಟ್ಟಿಂಗ್‌ನಲ್ಲಿ ನೋವು ಹೋಗಿದೆ, ಹಾಗಾಗಿ ಅರವತ್ತು ಕಿಲೋಮೀಟರ್ ಬರುವ ಕಾರಣವೂ ಹೋಗಿದೆ. ಅಂಥವರಿಗೆ ಮೂರನೇ ಸಂದೇಶ ಸುಮ್ನೆ ದಂಡ. ಫೋನ್ ಮಾಡಿ, ಹಲ್ಲಿನ ಒಳಗೆ ಹಾಕಿರುವುದು ತಾತ್ಕಾಲಿಕ ಸಿಮೆಂಟು, ಅದು ಸವೆದರೆ ಮತ್ತೆ ಸೋಂಕು ಬರುತ್ತದೆ ಅಂತ ಡಾಕ್ಟರೇ ಒಂದು ನಿಮಿಷ ಹೇಳಬೇಕು. ಆಮೇಲೆ ದಿನ ಗೊತ್ತು ಮಾಡುವಾಗ ಅವರು ಹೇಗೂ ಅಡಿಕೆ ಮಂಡಿಗೆ ಶಿವಮೊಗ್ಗಕ್ಕೆ ಬರುವ ದಿನ ಯಾವುದು ಅಂತ ಕೇಳಿ.