ಆರು ದಿನ, ಎರಡೇ ವಹಿವಾಟು: ಗರಿಷ್ಠ ಲಾಭದ ಲೆಕ್ಕ ಹಾಕುವುದು ಹೇಗೆ?

ಒಂದು ಷೇರಿನ ಆರು ದಿನಗಳ ಬೆಲೆ ಹೀಗಿದೆ ಎಂದುಕೊಳ್ಳಿ: 2, 6, 5, 9, 4, 10. ನೀವು ಹೆಚ್ಚೆಂದರೆ ಎರಡು ಸಲ ಕೊಂಡು ಮಾರಬಹುದು. ಕೈಯಲ್ಲಿ ಒಂದು ಹೊತ್ತಿಗೆ ಒಂದೇ ಷೇರು. ಇರುವುದನ್ನು ಮಾರದೆ ಇನ್ನೊಂದನ್ನು ಕೊಳ್ಳುವಂತಿಲ್ಲ. ಸಿಗಬಹುದಾದ ಗರಿಷ್ಠ ಲಾಭ ಎಷ್ಟು? ಪ್ರೋಗ್ರಾಮಿಂಗ್ ಕಲಿಯುವವರು ಇಂದಲ್ಲ ನಾಳೆ ಎದುರಿಸಲೇಬೇಕಾದ ಲೆಕ್ಕವಿದು. ಅಲ್ಲಿ ಎರಡರ ಬದಲು k ಎಂದಿರುತ್ತದೆ. ಎಲ್ಲ ದಿನಗಳ ಬೆಲೆಯೂ ಮೊದಲೇ ಗೊತ್ತಿರುತ್ತದೆ, ಹಾಗಾಗಿ ಇದರಿಂದ ನಾಳೆಯ ಮಾರುಕಟ್ಟೆಯ ಗುಟ್ಟು ತಿಳಿದೀತೆಂದು ಆಸೆಪಡಬೇಡಿ. ಆಗಿಹೋದ ದಿನಗಳನ್ನು ಹಿಂದಿರುಗಿ ನೋಡಿ ಹಾಕುವ ಲೆಕ್ಕವಷ್ಟೇ.

ಮೊದಲಿಗೆ ಎಲ್ಲರಿಗೂ ಎರಡು ಅಡ್ಡದಾರಿಗಳು ಹೊಳೆಯುತ್ತವೆ. ಬೆಲೆ ಏರಿದ ಕಡೆಗಳನ್ನೆಲ್ಲ ಗುರುತಿಸಿ, ದೊಡ್ಡ ಎರಡು ಏರಿಕೆಗಳನ್ನು ಆರಿಸಿಕೊಳ್ಳುವುದು ಒಂದು. ನಮ್ಮ ಪಟ್ಟಿಯಲ್ಲಿ ಏರಿಕೆಗಳು 4, 4, 6. ದೊಡ್ಡ ಎರಡನ್ನು ಕೂಡಿದರೆ 10. ಮೊದಲು ಅತ್ಯುತ್ತಮವಾದ ಒಂದೇ ವಹಿವಾಟು ಹುಡುಕಿ, ಉಳಿದ ದಿನಗಳಲ್ಲಿ ಎರಡನೆಯದನ್ನು ಹುಡುಕುವುದು ಇನ್ನೊಂದು. ಅತ್ಯುತ್ತಮವಾದ ಒಂದು ವಹಿವಾಟು ಎಂದರೆ 2ಕ್ಕೆ ಕೊಂಡು 10ಕ್ಕೆ ಮಾರುವುದು, ಲಾಭ 8. ಆದರೆ ಅದು ಆರೂ ದಿನಗಳನ್ನು ನುಂಗಿಬಿಡುತ್ತದೆ, ಎರಡನೆಯದಕ್ಕೆ ಜಾಗವೇ ಇಲ್ಲ. ಸರಿಯಾದ ಉತ್ತರ 10ಲ್ಲ, 8ಲ್ಲ, 13. ಅದು 2ಕ್ಕೆ ಕೊಂಡು 9ಕ್ಕೆ ಮಾರಿ, ಮತ್ತೆ 4ಕ್ಕೆ ಕೊಂಡು 10ಕ್ಕೆ ಮಾರಿದಾಗ ಸಿಗುತ್ತದೆ. ನಡುವಿನ 6ರಿಂದ 5ಕ್ಕೆ ಇಳಿದ ಸಣ್ಣ ಇಳಿತವನ್ನು ಸಹಿಸಿಕೊಂಡು ಕುಳಿತದ್ದರಿಂದಲೇ ಒಂದು ಅವಕಾಶ ಉಳಿಯಿತು. ಯಾವ ಇಳಿತವನ್ನು ಸಹಿಸಬೇಕು, ಯಾವುದರಲ್ಲಿ ಕೈ ಬಿಡಬೇಕು ಎಂಬುದೇ ಇಲ್ಲಿನ ತೊಡಕು.

ದಿನದ ಕೊನೆಗೆ ಏನನ್ನು ನೆನಪಿಡಬೇಕು?

ಯಾವುದೇ ದಿನದ ಸಂಜೆ ನಿಮ್ಮ ಪರಿಸ್ಥಿತಿಯನ್ನು ಎರಡೇ ಪ್ರಶ್ನೆಗಳಲ್ಲಿ ಹೇಳಿಬಿಡಬಹುದು. ಕೈಯಲ್ಲಿ ಷೇರು ಇದೆಯೇ, ಇಲ್ಲವೇ? ಈವರೆಗೆ ಎಷ್ಟು ವಹಿವಾಟುಗಳನ್ನು ಬಳಸಿಕೊಂಡಿದ್ದೀರಿ? ಈ ಎರಡು ಉತ್ತರಗಳ ಜೋಡಿಯನ್ನೇ ಸ್ಟೇಟ್ ಅಥವಾ ಸ್ಥಿತಿ ಎನ್ನುವುದು. ಒಂದೇ ದಿನ ಒಂದೇ ಸ್ಥಿತಿಗೆ ಬಂದು ಮುಟ್ಟಿದ ಇಬ್ಬರ ಮುಂದೆ ಇರುವ ದಾರಿಗಳೂ ಒಂದೇ. ಹಾಗಿರುವಾಗ ಕಡಿಮೆ ಹಣ ಇರುವವನ ಚರಿತ್ರೆಯನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ಹೆಚ್ಚು ಹಣ ಇರುವವನ ಮೊತ್ತವನ್ನಷ್ಟೇ ಬರೆದುಕೊಂಡರೆ ಸಾಕು. ಡೈನಾಮಿಕ್ ಪ್ರೋಗ್ರಾಮಿಂಗ್ ಎಂಬ ದೊಡ್ಡ ಹೆಸರಿನ ಹಿಂದೆ ಇಲ್ಲಿ ನಡೆಯುವುದು ಇಷ್ಟೇ.

ಷೇರು ಕೈಯಲ್ಲಿರುವಾಗಿನ ಮೊತ್ತವನ್ನು `hold`, ಕೈ ಖಾಲಿ ಇರುವಾಗಿನ ಮೊತ್ತವನ್ನು `cash` ಎಂದು ಕರೆಯೋಣ. `hold[1]` ಎಂದರೆ ಮೊದಲ ವಹಿವಾಟಿನ ನಡುವೆ ಇದ್ದೇವೆ ಎಂದು. `cash[1]` ಎಂದರೆ ಹೆಚ್ಚೆಂದರೆ ಒಂದು ವಹಿವಾಟು ಮುಗಿಸಿ ಸುಮ್ಮನಿದ್ದೇವೆ ಎಂದು. ವಹಿವಾಟನ್ನು ಕೊಳ್ಳುವಾಗಲೇ ಎಣಿಸೋಣ. ಹಾಗಾಗಿ `cash[0]`ರಿಂದ ಕೊಂಡರೆ `hold[1]`, ಅದನ್ನು ಮಾರಿದರೆ `cash[1]`, ಮತ್ತೆ ಕೊಂಡರೆ `hold[2]`. ಪ್ರತಿ ಮೆಟ್ಟಿಲಿನಲ್ಲೂ ಆಯ್ಕೆ ಎರಡೇ: ನಿನ್ನೆಯಂತೆ ಇರುವುದು, ಇಲ್ಲವೇ ಇಂದು ಕೊಳ್ಳುವುದು ಅಥವಾ ಮಾರುವುದು. ಎರಡರಲ್ಲಿ ದೊಡ್ಡದನ್ನು ಇಟ್ಟುಕೊಳ್ಳುತ್ತೇವೆ.

ಕಾಗದದ ಮೇಲೆ ಒಮ್ಮೆ ಕೈಯಾರೆ ಮಾಡಿ ನೋಡದೆ ಇದು ತಲೆಗೆ ಇಳಿಯುವುದಿಲ್ಲ. ನಮ್ಮ ಆರು ದಿನಗಳ ಪಟ್ಟಿ ಹೀಗೆ ತುಂಬುತ್ತದೆ:

```
day  price  hold1  cash1  hold2  cash2
 1     2     -2      0     -2      0
 2     6     -2      4     -2      4
 3     5     -2      4     -1      4
 4     9     -2      7     -1      8
 5     4     -2      7      3      8
 6    10     -2      8      3     13
```

ಮೂರನೇ ದಿನವನ್ನು ನೋಡಿ. ಒಂದು ವಹಿವಾಟು ಮುಗಿಸಿ 4 ಗಳಿಸಿದವನು ಬೆಲೆ 5 ಇರುವಾಗ ಮತ್ತೆ ಕೊಂಡರೆ ಅವನ ಲೆಕ್ಕ −1ಕ್ಕೆ ಬರುತ್ತದೆ. ಮೊದಲಿದ್ದ −2ಕ್ಕಿಂತ ಇದು ಮೇಲು, ಆದ್ದರಿಂದ ಬರೆದುಕೊಂಡೆವು. ನಾಲ್ಕನೇ ದಿನ ಅವನು 9ಕ್ಕೆ ಮಾರಿ 8 ಗಳಿಸುತ್ತಾನೆ. ಅದೇ ದಿನ, ಮೊದಲ ದಿನದಿಂದ ಷೇರನ್ನು ಹಿಡಿದೇ ಕುಳಿತಿದ್ದ ಇನ್ನೊಬ್ಬ ಮಾರಿ 7 ಗಳಿಸುತ್ತಾನೆ. ನಾಲ್ಕನೇ ದಿನದ ಸಂಜೆ ಯಾರನ್ನು ಕೇಳಿದರೂ 8 ಇರುವವನೇ ಗೆದ್ದ ಎನ್ನುತ್ತಾರೆ.

ಐದನೇ ದಿನ ಬೆಲೆ 4ಕ್ಕೆ ಕುಸಿಯುತ್ತದೆ. 8 ಇರುವವನ ಪಾಲಿನ ಎರಡೂ ವಹಿವಾಟುಗಳು ಮುಗಿದಿವೆ, ಅವನು ನೋಡುತ್ತಾ ನಿಲ್ಲಬೇಕಷ್ಟೇ. 7 ಇರುವವನು ಹಣದಲ್ಲಿ ಒಂದು ಹೆಜ್ಜೆ ಹಿಂದೆ, ಅವಕಾಶದಲ್ಲಿ ಒಂದು ಹೆಜ್ಜೆ ಮುಂದೆ. ಅವನು 4 ಕೊಟ್ಟು ಕೊಳ್ಳುತ್ತಾನೆ. `hold[2]` −1ರಿಂದ ಒಮ್ಮೆಲೇ 3ಕ್ಕೆ ಜಿಗಿಯುತ್ತದೆ. ಆರನೇ ದಿನ 10ಕ್ಕೆ ಮಾರಿ 13. ನಾಲ್ಕನೇ ದಿನ 7ನ್ನು ‘8ಕ್ಕಿಂತ ಕಡಿಮೆಯಲ್ಲವೇ’ ಎಂದು ಅಳಿಸಿಹಾಕಿದ್ದರೆ ಈ ದಾರಿ ಸಿಗುತ್ತಲೇ ಇರಲಿಲ್ಲ. ಬಳಸಿದ ವಹಿವಾಟಿನ ಸಂಖ್ಯೆ ಸ್ಥಿತಿಯ ಭಾಗವಾಗಿರಬೇಕು ಎನ್ನುವುದು ಈ ಕಾರಣಕ್ಕೇ.

ಕೋಡ್ ಮತ್ತು ಅದರ ತಪ್ಪುಗಳು

ಪೈಥಾನ್‌ನಲ್ಲಿ ಬರೆದರೆ ಬೆರಳೆಣಿಕೆಯ ಸಾಲುಗಳು:

```python
def best(prices, k):
    k = min(k, len(prices) // 2)
    hold = [float("-inf")] * (k + 1)
    cash = [0] * (k + 1)
    for p in prices:
        for j in range(1, k + 1):
            hold[j] = max(hold[j], cash[j-1] - p)
            cash[j] = max(cash[j], hold[j] + p)
    return cash[k]
```

`cash` ಎಲ್ಲ ಕಡೆಯೂ 0ಯಿಂದ ಶುರುವಾಗುವುದರಿಂದಲೇ ‘ಹೆಚ್ಚೆಂದರೆ k’ ಎಂಬ ನಿಯಮ ತಾನಾಗಿ ಪಾಲನೆಯಾಗುತ್ತದೆ. ಅವಕಾಶವನ್ನು ಬಳಸದೆ ಬಿಟ್ಟರೂ ನಷ್ಟವಿಲ್ಲ. `hold` ಮಾತ್ರ ಋಣ ಅನಂತದಿಂದ ಶುರುವಾಗಬೇಕು. ನಾನು ಮೊದಲ ಸಲ ಬರೆದಾಗ ಅಲ್ಲೂ 0 ಇಟ್ಟಿದ್ದೆ. ನನ್ನ ಪ್ರೋಗ್ರಾಂ ಕೊಳ್ಳದ ಷೇರನ್ನು ನಿರಾತಂಕವಾಗಿ ಮಾರಿ ಲಾಭ ತೋರಿಸುತ್ತಿತ್ತು. ಇದನ್ನು ಪತ್ತೆಹಚ್ಚಲು ಬರೀ ಇಳಿಯುವ ಪಟ್ಟಿ ಕೊಟ್ಟು ನೋಡಿ. 9, 7, 4ಕ್ಕೆ ಉತ್ತರ 0 ಬರಬೇಕು. 9 ಬಂದರೆ ರೋಗ ಇದೇ.

ಇನ್ನೊಂದು ತಪ್ಪು ಎಣಿಕೆಯದು. ಕೊಳ್ಳುವಾಗಲೂ ಒಂದು, ಮಾರುವಾಗಲೂ ಒಂದು ಎಂದು ಎಣಿಸಿದರೆ ಒಂದು ವಹಿವಾಟಿಗೆ ಎರಡು ಖರ್ಚಾಗುತ್ತದೆ. ಆಗ ನಮ್ಮ ಪಟ್ಟಿಗೆ k 2 ಎಂದು ಕೊಟ್ಟರೆ 13ರ ಬದಲು 8 ಬರುತ್ತದೆ, 1 ಎಂದು ಕೊಟ್ಟರೆ 0.

ಒಳಗಿನ ಲೂಪ್‌ನಲ್ಲಿ ಒಂದೇ ದಿನ ಮಾರಿ, ಅದೇ ಬೆಲೆಗೆ ಮತ್ತೆ ಕೊಳ್ಳಲು ದಾರಿ ಇದೆಯಲ್ಲ ಎಂದು ಸೂಕ್ಷ್ಮ ಕಣ್ಣಿನವರು ಕೇಳಬಹುದು. ಇದೆ. ಆದರೆ ಅದರಿಂದ ಹಣ ಹೆಚ್ಚುವುದಿಲ್ಲ, ಒಂದು ಅವಕಾಶ ವ್ಯರ್ಥವಾಗುತ್ತದೆ ಅಷ್ಟೇ. ಮಾರಿದ ಮರುದಿನ ಕೊಳ್ಳಬಾರದು ಎಂಬ ನಿಯಮ ಸೇರಿದರೆ ಮಾತ್ರ ಈ ಸಡಿಲು ನಡೆಯದು. ಆಗ `hold` ಮೊನ್ನೆಯ `cash`ನಿಂದ ಹುಟ್ಟಬೇಕು, ಹಳೆಯ ಮೊತ್ತಗಳನ್ನು ಪ್ರತ್ಯೇಕವಾಗಿ ಉಳಿಸಿಕೊಳ್ಳಬೇಕು. ನಮ್ಮ ಪಟ್ಟಿಯಲ್ಲಿ ಆ ನಿಯಮ ಇದ್ದಿದ್ದರೆ 13 ಸಿಗದು, 10ಕ್ಕೆ ತೃಪ್ತಿಪಡಬೇಕು.

ಲಾಭದ ಜತೆಗೆ ಕೊಂಡ, ಮಾರಿದ ದಿನಗಳೂ ಬೇಕೆಂದರೆ ಪ್ರತಿ ಸಂಖ್ಯೆಯ ಪಕ್ಕದಲ್ಲಿ ಅದು ಬಂದ ದಾರಿಯನ್ನು ಇಟ್ಟುಕೊಳ್ಳಿ. ಹೊಸ ಮೊತ್ತ ಹಳೆಯದಕ್ಕಿಂತ ನಿಜವಾಗಿ ಹೆಚ್ಚಾದಾಗ ಮಾತ್ರ ದಾರಿಯನ್ನು ಬದಲಿಸಿ. ಸಮವಾದಾಗಲೂ ಬದಲಿಸಿದರೆ ಒಂದೇ ದಿನ ಮಾರಿ ಕೊಳ್ಳುವ ಅರ್ಥವಿಲ್ಲದ ವಹಿವಾಟುಗಳು ಪಟ್ಟಿಯಲ್ಲಿ ನುಸುಳುತ್ತವೆ.

k ದೊಡ್ಡದಾದಾಗ

ಕೋಡ್‌ನ ಮೊದಲ ಸಾಲಿನಲ್ಲಿ kಗೆ ಮಿತಿ ಹಾಕಿದ್ದೇವೆ. ಲಾಭದ ವಹಿವಾಟೊಂದಕ್ಕೆ ಕನಿಷ್ಠ ಎರಡು ದಿನ ಬೇಕು, ಹಾಗಾಗಿ ದಿನಗಳ ಅರ್ಧಕ್ಕಿಂತ ದೊಡ್ಡ k ಇದ್ದೂ ಇಲ್ಲದಂತೆ. ಈ ಸಾಲು ಇಲ್ಲದಿದ್ದರೆ, ಯಾರೋ ಆರು ದಿನಗಳ ಪಟ್ಟಿಗೆ ನೂರು ಕೋಟಿಯ k ಕೊಟ್ಟಾಗ ಪ್ರೋಗ್ರಾಂ ಮೆಮೊರಿ ಸಾಲದೆ ಕುಸಿಯುತ್ತದೆ.

ಆದರೆ ದಿನಗಳು 1 ಲಕ್ಷ, k 20 ಸಾವಿರ ಇದ್ದರೆ ಈ ಮಿತಿಯೂ ಕಾಪಾಡದು. ದಿನಗಳನ್ನು kಯಿಂದ ಗುಣಿಸಿದರೆ 200 ಕೋಟಿ ಹೆಜ್ಜೆಗಳಾದವು. ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಉಪಾಯವಿದೆ. ನಮ್ಮ ಪಟ್ಟಿಯಲ್ಲಿ ಒಂದು ವಹಿವಾಟಿಗೆ 8, ಎರಡಕ್ಕೆ 13, ಮೂರಕ್ಕೆ 14. ಅಂದರೆ ಒಂದೊಂದು ಹೆಚ್ಚುವರಿ ಅವಕಾಶ ತಂದುಕೊಟ್ಟದ್ದು 8, 5, 1. ಈ ಲೆಕ್ಕದಲ್ಲಿ ಈ ಸಂಖ್ಯೆಗಳು ಎಂದೂ ಏರುವುದಿಲ್ಲ. ಮುಂದಿನ ಅವಕಾಶದ ಬೆಲೆ ಹಿಂದಿನದಕ್ಕಿಂತ ಹೆಚ್ಚಾಗುವುದೇ ಇಲ್ಲ.

ಈಗ ಪ್ರತಿ ವಹಿವಾಟಿಗೆ 2ರಷ್ಟು ಕಾಲ್ಪನಿಕ ಶುಲ್ಕ ಹಾಕಿ, kಯ ಮಿತಿಯನ್ನೇ ತೆಗೆದುಬಿಡಿ. ಒಂದು ವಹಿವಾಟಿಗೆ ಉಳಿಯುವುದು 6, ಎರಡಕ್ಕೆ 9, ಮೂರಕ್ಕೆ 8. ಮಿತಿ ಇಲ್ಲದಿದ್ದರೂ ಲೆಕ್ಕ ತಾನಾಗಿ ಎರಡೇ ವಹಿವಾಟುಗಳನ್ನು ಆರಿಸಿಕೊಂಡಿತು. ಕಿತ್ತುಕೊಂಡ ಶುಲ್ಕ 4ನ್ನು 9ಕ್ಕೆ ಮರಳಿ ಸೇರಿಸಿದರೆ ನಮ್ಮ 13. ಶುಲ್ಕ 1ಕ್ಕಿಂತ ಹೆಚ್ಚು, 5ಕ್ಕಿಂತ ಕಡಿಮೆ ಎಷ್ಟಿದ್ದರೂ ಹೀಗೇ ಆಗುತ್ತದೆ. ಆ ಶುಲ್ಕವನ್ನು ಬೈನರಿ ಸರ್ಚ್‌ನಿಂದ ಹುಡುಕಬಹುದು. ಬೆಲೆಗಳು 10 ಲಕ್ಷದೊಳಗಿದ್ದರೆ ಸುಮಾರು 20 ಸುತ್ತು ಸಾಕು, ಪ್ರತಿ ಸುತ್ತಿನಲ್ಲೂ ಒಂದು `hold`, ಒಂದು `cash`, ಜತೆಗೆ ವಹಿವಾಟಿನ ಎಣಿಕೆ. 200 ಕೋಟಿ ಹೆಜ್ಜೆಗಳು ಸುಮಾರು 20 ಲಕ್ಷಕ್ಕೆ ಇಳಿದವು. 2016ರ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನ ‘ಏಲಿಯನ್ಸ್’ ಎಂಬ ಪ್ರಶ್ನೆಯಿಂದಾಗಿ ಸ್ಪರ್ಧಿಗಳ ನಡುವೆ ಈ ತಂತ್ರಕ್ಕೆ ಅದೇ ಹೆಸರು ಅಂಟಿಕೊಂಡಿದೆ.

ಒಂದು ಎಚ್ಚರ: ಶುಲ್ಕ ಸರಿಯಾಗಿ 5 ಆದಾಗ ಒಂದು ವಹಿವಾಟಿಗೂ 3, ಎರಡಕ್ಕೂ 3 ಉಳಿಯುತ್ತದೆ. ಆಗ ಪ್ರೋಗ್ರಾಂ ಎಣಿಸಿಕೊಟ್ಟ ಸಂಖ್ಯೆ 1 ಬಂದೀತು. ಶುಲ್ಕವನ್ನು ಮರಳಿಸುವಾಗ ಆ ಎಣಿಕೆಯಿಂದ ಗುಣಿಸದೆ ನಿಮಗೆ ಬೇಕಾದ kಯಿಂದಲೇ ಗುಣಿಸಿ: 3ಕ್ಕೆ 10 ಸೇರಿಸಿದರೂ 13.