ಓವರ್‌ಹೆಡ್ ಟ್ಯಾಂಕಿಗೆ ಓವರ್‌ಫ್ಲೋ ಪೈಪಿಂದ ವಾಸನೆ, ಹುಳ ಬರ್ತಿತ್ತು – ನಾನು ಸರಿಮಾಡಿದ್ದು ಹೀಗೆ

ನಮ್ಮ 1000 ಲೀಟರ್ ಪ್ಲಾಸ್ಟಿಕ್ ಟ್ಯಾಂಕಿನ ನೀರು ಬೆಳಿಗ್ಗೆ ಹೊತ್ತು ಚರಂಡಿ ವಾಸನೆ ಹೊಡೀತಿತ್ತು, ಮುಚ್ಚಳ ತೆಗೆದು ನೋಡಿದ್ರೆ ಒಳಗೋಡೆ ಮೇಲೆ ರೋಮ ಇರೋ ರೆಕ್ಕೆಯ ಪುಟ್ಟ ನೊಣಗಳು ಕೂತಿರೋವು. ತೊಳೆಸಿದ್ರೆ ಸ್ವಲ್ಪ ದಿನ ಸರಿ ಇರತ್ತೆ, ಆಮೇಲೆ ಮತ್ತೆ ಅದೇ. ಈ ನೊಣ ಮೊಟ್ಟೆ ಇಡೋದು ಡ್ರೈನ್ ಪೈಪಿನ ಒಳಗೆ ಕಟ್ಟೋ ಲೋಳೆಯಲ್ಲಿ, ಹಾಗಾಗಿ ಇದು ಬರೀ ಮುಚ್ಚಳದ ಸಂದಿಯ ತೊಂದ್ರೆ ಅಲ್ಲ, ಎಲ್ಲೋ ಡ್ರೈನಿಗೇ ದಾರಿ ಇದೆ ಅನ್ನಿಸ್ತು.

ಓವರ್‌ಫ್ಲೋ ಪೈಪ್ ಹಿಡ್ಕೊಂಡು ಕೆಳಗೆ ಹೋಗಿ ನೋಡಿದೆ. ಗೋಡೆ ಉದ್ದಕ್ಕೂ ಇಳಿದು ಸೀದಾ ಬಚ್ಚಲ ನೀರಿನ ಚೇಂಬರ್ ಒಳಗೆ ಬಿಟ್ಟಿದ್ರು. ತಾರಸಿ ಮೇಲೆ ನೀರು ಹರೀಬಾರ್ದು ಅಂತ ಹೀಗೆ ಮಾಡಿರ್ತಾರೆ, ಆದ್ರೆ ಟ್ಯಾಂಕ್ ಉಸಿರಾಡೋದೂ ಅದೇ ಪೈಪಿಂದ ಅನ್ನೋದು ಲೆಕ್ಕಕ್ಕೆ ಬರಲ್ಲ. ನೀವು ಕೆಳಗೆ 100 ಲೀಟರ್ ನೀರು ಬಳಸಿದ್ರೆ ಟ್ಯಾಂಕ್ ಒಳಗೆ 100 ಲೀಟರ್ ಗಾಳಿ ಬರಲೇಬೇಕು, ಬೇರೆ ತೂತು ಇಲ್ಲದಿದ್ರೆ ಆ ಗಾಳಿ ಚೇಂಬರಿಂದಾನೇ ಬರತ್ತೆ. ಬೆಳಿಗ್ಗೆ ಎಲ್ಲರೂ ಸ್ನಾನ ಮಾಡೋ ಹೊತ್ತಲ್ಲೇ ವಾಸನೆ ಜಾಸ್ತಿ ಆಗ್ತಿದ್ದಿದ್ದು ಇದಕ್ಕೇ. ಖಾತ್ರಿ ಮಾಡ್ಕೊಳ್ಳೋಕೆ ಎರಡು ಮೂರು ನಲ್ಲಿ ಪೂರ್ತಿ ಬಿಡ್ಸಿ, ಟ್ಯಾಂಕ್ ಒಳಗೆ ಓವರ್‌ಫ್ಲೋ ಬಾಯಿ ಹತ್ರ ಟಿಶ್ಯೂ ಪೇಪರಿನ ತೆಳು ಎಳೆ ಹಿಡಿದೆ, ಮುಚ್ಚಳ ಕೈ ಹೋಗೋಷ್ಟು ಮಾತ್ರ ಸರಿಸಿ ಉಳಿದಿದ್ದನ್ನ ಬಟ್ಟೆಯಿಂದ ಮುಚ್ಚಿದ್ದೆ. ಎಳೆ ಪೈಪಿಂದ ಒಳಗಡೆ ಹಾರ್ತಿತ್ತು. ಬೆಂಕಿ, ಹೊಗೆ ಇಟ್ಟು ನೋಡೋಕೆ ಹೋಗ್ಬೇಡಿ, ಚರಂಡಿ ಗಾಳಿಯಲ್ಲಿ ಹೊತ್ತಿಕೊಳ್ಳೋ ಮೀಥೇನ್ ಇರಬಹುದು.

ಪೈಪಿಗೆ ಟ್ರ್ಯಾಪ್ ಹಾಕಿ, ಬಾಗಿದ ಕಡೆ ನೀರು ನಿಂತು ಗಾಳಿ ತಡೆಯತ್ತೆ ಅಂತ ಸಲಹೆ ಬಂತು. ನಾನು ಒಪ್ಪಲಿಲ್ಲ. ಸಿಂಕಲ್ಲಿ ದಿನಾ ನೀರು ಹೋಗತ್ತೆ, ಓವರ್‌ಫ್ಲೋದಲ್ಲಿ ಯಾವಾಗ್ಲೋ ಒಮ್ಮೆ ಹೋಗೋದು, ಟ್ರ್ಯಾಪ್ ನೀರು ಒಣಗಿದ್ರೆ ಮತ್ತೆ ದಾರಿ ತೆರೀತು, ಒಣಗದಿದ್ರೆ ಅದೇ ಸೊಳ್ಳೆಗೆ ಜಾಗ.

ಅದಕ್ಕೆ ಪೈಪನ್ನ ತಾರಸಿಯಲ್ಲೇ ಕತ್ತರಿಸಿದೆ. ಚೇಂಬರ್ ಕಡೆ ಉಳಿದ ತುಂಡಿಗೆ ಎಂಡ್ ಕ್ಯಾಪ್ ಗಮ್ ಹಾಕಿ ಅಂಟಿಸಿದೆ, ಹಾಗೇ ಬಿಟ್ರೆ ವಾಸನೆ ತಾರಸಿಗೆ ಬರತ್ತೆ. ಟ್ಯಾಂಕ್ ಕಡೆಯ 2 ಇಂಚ್ ಪೈಪಿಗೆ ಎಲ್ಬೋ ಹಾಕಿ ಕೆಳಮುಖ ಮಾಡಿ, ನೆಲದಿಂದ 6 ಇಂಚ್ ಮೇಲೆ ನಿಲ್ಲಿಸಿದೆ. ಪೈಪಿನ ಅಗಲದ ಎರಡರಷ್ಟಾದ್ರೂ ಗ್ಯಾಪ್ ಇರ್ಬೇಕು, ಇಲ್ಲಿ ಅದು 4 ಇಂಚ್, ತಾರಸಿಯಲ್ಲಿ ಮಳೆನೀರು ನಿಂತ್ರೂ ಮುಟ್ಟದಿರಲಿ ಅಂತ ಇನ್ನೂ 2 ಸೇರಿಸಿದೆ. ನೀರು ಈಗ ಇಳಿಜಾರಲ್ಲಿ ಮಳೆನೀರಿನ ಪೈಪಿಗೆ ಹೋಗತ್ತೆ, ಟ್ಯಾಂಕ್ ತುಂಬಿದಾಗ ಪಂಪ್ ನಿಲ್ಲಿಸೋ ಫ್ಲೋಟ್ ಸ್ವಿಚ್ ಕೆಟ್ರೆ ನೀರು ಬೀಳೋ ಶಬ್ದದಲ್ಲೇ ಗೊತ್ತಾಗತ್ತೆ.

ಜಾಲರಿ ವಿಷಯದಲ್ಲಿ ಸ್ವಲ್ಪ ಯೋಚ್ನೆ ಮಾಡ್ಬೇಕು. ಸೊಳ್ಳೆ ತಡೆಯೋಕೆ ಕಣ್ಣು 1 ಮಿಲಿಮೀಟರ್ ಆಸುಪಾಸು ಇರ್ಬೇಕು, ಆದ್ರೆ ಅಂಥ ಜಾಲರಿಯಲ್ಲಿ ಹತ್ತಿರತ್ತಿರ ಅರ್ಧ ಜಾಗ ತಂತಿಯೇ ತಿಂದುಬಿಡತ್ತೆ. 2 ಇಂಚ್ ಬಾಯಿಗೇ ಕಟ್ಟಿದ್ರೆ ನೀರು ಹೋಗೋ ದಾರಿ ಅರ್ಧ ಆಯ್ತು, ಕಸ ಕೂತ್ರೆ ಇನ್ನೂ ಕಮ್ಮಿ, ಆಗ ಪಂಪ್ ಓಡ್ತಿದ್ರೆ ನೀರು ಮುಚ್ಚಳದಿಂದ ಉಕ್ಕತ್ತೆ. ನಾನು ಕೊನೇಲಿ 2ರಿಂದ 3 ಇಂಚಿಗೆ ಅಗಲ ಮಾಡೋ ರೆಡ್ಯೂಸರ್ ಹಾಕಿ, ಅದರ 3 ಇಂಚ್ ಬಾಯಿಗೆ ಸ್ಟೀಲ್ ಜಾಲರಿ ಸುತ್ತಿ ಹೋಸ್ ಕ್ಲಿಪ್ಪಲ್ಲಿ ಬಿಗಿದೆ. 3 ಇಂಚಿನ ಬಾಯಿ 2 ಇಂಚಿನದಕ್ಕಿಂತ ಎರಡೂಕಾಲು ಪಟ್ಟು, ಅರ್ಧ ಹೋದ್ರೂ ಮೂಲ ಪೈಪಿನಷ್ಟು ದಾರಿ ಉಳಿಯತ್ತೆ. ನೈಲಾನ್ ಬಿಸಿಲಿಗೆ ಪುಡಿಯಾಗತ್ತೆ, ಕಬ್ಬಿಣ ತುಕ್ಕು ಹಿಡಿಯತ್ತೆ. ಜಾಲರಿ ಅಂಟಿಸ್ಬೇಡಿ, ಬಿಚ್ಚಿ ತೊಳೆಯೋ ಹಾಗಿರಲಿ.

ಇಷ್ಟಾದ್ರೂ ಗಾಳಿಗೆ ಬೇರೆ ದಾರಿ ಕೊಡ್ಲೇಬೇಕು, ಜಾಲರಿ ಕಟ್ಕೊಂಡ್ರೆ ಟ್ಯಾಂಕ್ ಗಾಳಿಗಾಗಿ ಎಳೆದಾಡಿ ನಲ್ಲಿ ನೀರು ನಿಧಾನ ಆಗತ್ತೆ. ಟ್ಯಾಂಕಿನ ಮೇಲ್ಭಾಗಕ್ಕೆ ಒಂದೂವರೆ ಇಂಚ್ ಪೈಪ್ ಕೂರಿಸಿ, ಎರಡು ಎಲ್ಬೋದಿಂದ ಕೊಡೆ ಹಿಡಿಯ ಹಾಗೆ ಕೆಳಕ್ಕೆ ತಿರುಗ್ಸಿ ಬಾಯಿಗೆ ಅದೇ ಜಾಲರಿ ಕಟ್ಟಿದೆ. ಕೆಳಮುಖ ಇದ್ರೆ ಮಳೆ, ಧೂಳು, ಹಕ್ಕಿ ಹಿಕ್ಕೆ ಒಳಗೆ ಬೀಳಲ್ಲ.

ಮುಚ್ಚಳದಲ್ಲಿ ಥ್ರೆಡ್ ಸರಿ ಇತ್ತು, ರಬ್ಬರ್ ರಿಂಗ್ ಮಾತ್ರ ಹೊಸದು ಹಾಕ್ದೆ. ಫ್ಲೋಟ್ ಸ್ವಿಚ್ ವೈರ್ ಹೋಗೋ ತೂತಲ್ಲಿ ಇರುವೆ ಸಾಲು ಇತ್ತು, ಅಲ್ಲಿಗೆ ವೈರ್ ಸುತ್ತ ಬಿಗಿಯಾಗಿ ಮುಚ್ಚೋ ಕೇಬಲ್ ಗ್ಲ್ಯಾಂಡ್ ಹಾಕ್ದೆ. ಒಳಗೆ ನಿಂತು ಬೆಳಕಿನ ಗೆರೆ ಹುಡುಕೋದು ಆಗಲ್ಲ, ಹಾಗಾಗಿ ಕತ್ತಲಾದ ಮೇಲೆ ಟಾರ್ಚ್ ಹಚ್ಚಿದ ಮೊಬೈಲನ್ನ ಕವರಲ್ಲಿ ಹಾಕಿ ದಾರದಿಂದ ಒಳಗೆ ಇಳಿಬಿಟ್ಟು ಮುಚ್ಚಿ ಸುತ್ತ ನೋಡಿದೆ, ಬೆಳಕು ಸೋರಿದ ಕಡೆಯೆಲ್ಲ ಸಂದಿ.

ಕೊನೆಗೆ ಟ್ಯಾಂಕ್ ಖಾಲಿ ಮಾಡಿ ಉಜ್ಜಿ ತೊಳೆದು, ತುಂಬಿದ ಮೇಲೂ ಪಂಪ್ ಬೇಕಂತಲೇ ಓಡಿಸ್ದೆ. ನೀರು ಓವರ್‌ಫ್ಲೋ ಬಾಯಿಯ ಮೇಲಂಚಿನ ಹತ್ರ ನಿಂತ್ತು, ಒಳಬರೋ ಪೈಪಿನ ತುದಿ ಮುಟ್ಟಲಿಲ್ಲ. ಆ ಮಟ್ಟಕ್ಕೆ ಒಳಗಡೆ ಮಾರ್ಕರಲ್ಲಿ ಗೆರೆ ಎಳೆದಿದೀನಿ, ಮುಂದೆ ಇದೇ ಪರೀಕ್ಷೆಯಲ್ಲಿ ನೀರು ಗೆರೆ ದಾಟಿದ್ರೆ ಜಾಲರಿ ಬಿಚ್ಚಿ ತೊಳೀತೀನಿ.